ಒಂದೇ ಕ್ಲಾಸು, ಒಬ್ಬರೇ ಟೀಚರ್: ಆದರೂ ಕೆಲವು ಮಕ್ಕಳು ಹಿಂದುಳಿಯುವುದೇಕೆ? ಏನಿದು 'ಸಾಂಸ್ಕೃತಿಕ ಬಂಡವಾಳ'?

ತರಗತಿ ಒಂದೇ, ಪಠ್ಯಪುಸ್ತಕ ಒಂದೇ, ಪಾಠ ಮಾಡುವವರೂ ಒಬ್ಬರೇ. ಆದರೂ ಹೆಚ್ಚು ಓದಿದ ತಂದೆ ತಾಯಿಯ ಮಕ್ಕಳು ಸರಾಸರಿಯಲ್ಲಿ ಮುಂದಿರುತ್ತಾರೆ, ಕಾರ್ಮಿಕರ ಮಕ್ಕಳು ಹಿಂದುಳಿಯುತ್ತಾರೆ. ಹಲವು ದೇಶಗಳಲ್ಲಿ ಕಂಡುಬಂದಿರುವ ಸಂಗತಿ ಇದು. ದುಡ್ಡಿದ್ದವರಿಗೆ ಟ್ಯೂಷನ್ ಸಿಗುತ್ತದೆ ಎಂಬುದು ಒಂದು ಉತ್ತರ. ಆದರೆ ತರಗತಿಯ ಒಳಗೇ ನಡೆಯುವ ಇನ್ನೊಂದು ವಿಚಾರವಿದೆ. ಅದನ್ನು ವಿವರಿಸಲು ಹೊರಟವರು ಫ್ರಾನ್ಸ್‌ನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ಡಿಯೂ.

ಏನಿದು ಸಾಂಸ್ಕೃತಿಕ ಬಂಡವಾಳ?

ಬೇರೆ ಬೇರೆ ವರ್ಗದ ಮಕ್ಕಳ ಕಲಿಕೆಯ ಫಲಿತಾಂಶದಲ್ಲಿ ಏಕೆ ಇಷ್ಟು ಅಂತರ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಬೂರ್ಡಿಯೂ ಈ ಪರಿಕಲ್ಪನೆಯನ್ನು ರೂಪಿಸಿದರು. ಮಾತನಾಡುವ ರೀತಿ, ಪುಸ್ತಕದ ಒಡನಾಟ, ಹಿರಿಯರ ಮುಂದೆ ಅಂಜದೆ ವಿಚಾರ ಹೇಳುವ ಅಭ್ಯಾಸ ಇವೆಲ್ಲ ಮನೆಯಿಂದ ಬರುತ್ತವೆ. ಶಾಲೆ ಇವನ್ನು ಪಾಠವಾಗಿ ಕಲಿಸುವುದಿಲ್ಲ. ಆದರೆ ಮಗುವಿನಲ್ಲಿ ಇವು ಇವೆ ಎಂದುಕೊಂಡೇ ನಡೆಯುತ್ತದೆ, ಇದ್ದವರನ್ನು 'ಚುರುಕು' ಎಂದು ಮೆಚ್ಚುತ್ತದೆ. ಹಣದಂತೆ ಇದೂ ಪೋಷಕರಿಂದ ಮಕ್ಕಳಿಗೆ ದಾಟುತ್ತದೆ, ಲಾಭ ತರುತ್ತದೆ. ಹಾಗಾಗಿಯೇ ಬಂಡವಾಳ ಎಂಬ ಹೆಸರು.

ಹ್ಯಾಬಿಟಸ್ ಎಂದರೇನು?

ಬೆಳೆದ ಪರಿಸರ ನಮ್ಮೊಳಗೆ ಇಳಿದು ಸ್ವಭಾವವೇ ಆಗಿಬಿಡುವುದನ್ನು ಬೂರ್ಡಿಯೂ ಹ್ಯಾಬಿಟಸ್ ಎಂದು ಕರೆದರು. ಎಲ್ಲಿ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು, ಯಾವುದು ನಮ್ಮಂಥವರಿಗಲ್ಲ ಎಂಬುದನ್ನು ನಾವು ಪ್ರತಿ ಸಲ ಯೋಚಿಸಿ ತೀರ್ಮಾನಿಸುವುದಿಲ್ಲ. ಅದು ತಾನಾಗಿ ಬರುತ್ತದೆ.

ತರಗತಿಯಲ್ಲಿ ಕಂಡಿದ್ದೇನು?

ಇದಕ್ಕೊಂದು ಸ್ಪಷ್ಟ ಉದಾಹರಣೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಜೆಸ್ಸಿಕಾ ಕಲಾರ್ಕೊ ಅವರ ಅಧ್ಯಯನ. ಅವರು ಒಂದು ಪ್ರಾಥಮಿಕ ಶಾಲೆಯ ಮಕ್ಕಳನ್ನು ಮೂರರಿಂದ ಐದನೇ ತರಗತಿವರೆಗೆ ಗಮನಿಸಿ, 2011ರಲ್ಲಿ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. ಮಕ್ಕಳು ಸಹಾಯವನ್ನು ಹೇಗೆ ಕೇಳುತ್ತಾರೆ ಎಂಬುದರ ಮೇಲೆ ಅವರು ಕಣ್ಣಿಟ್ಟಿದ್ದರು.

ಒಂದು ಲೆಕ್ಕ ಅರ್ಥವಾಗಲಿಲ್ಲ ಎಂದುಕೊಳ್ಳಿ. ಮಧ್ಯಮ ವರ್ಗದ ಮಗು ಕುಳಿತಲ್ಲಿಂದಲೇ ಟೀಚರನ್ನು ಕರೆಯುತ್ತದೆ ಅಥವಾ ನೇರವಾಗಿ ಅವರ ಬಳಿಗೇ ಹೋಗುತ್ತದೆ. ಕಾರ್ಮಿಕ ಕುಟುಂಬದ ಮಗು ಕೈ ಎತ್ತಿ ಕಾಯುತ್ತದೆ, ಇಲ್ಲವೇ ಸುಮ್ಮನೆ ತಾನೇ ಒದ್ದಾಡುತ್ತದೆ. ಪರಿಣಾಮ ಏನೆಂದರೆ, ಮಧ್ಯಮ ವರ್ಗದ ಮಕ್ಕಳಿಗೆ ಹೆಚ್ಚು ಸಹಾಯ ಸಿಗುತ್ತದೆ, ಕಾಯುವ ಸಮಯ ಉಳಿಯುತ್ತದೆ, ಕೊಟ್ಟ ಕೆಲಸ ಸರಿಯಾಗಿ ಮುಗಿಯುತ್ತದೆ. ಒಂದು ದಿನದ ಮಟ್ಟಿಗೆ ಈ ವ್ಯತ್ಯಾಸ ಚಿಕ್ಕದು. ಆದರೆ ದಿನವೂ ಹೀಗೆಯೇ ಆದರೆ ಅಂತರ ಬೆಳೆಯುತ್ತಾ ಹೋಗುತ್ತದೆ.

ಹಾಗಾದರೆ ತಪ್ಪು ಪೋಷಕರದ್ದೇ?

ಇಲ್ಲ. ಟೀಚರ್‌ಗೆ ತೊಂದರೆ ಕೊಡಬಾರದು, ಕಷ್ಟವಾದರೂ ಸ್ವಂತವಾಗಿ ಮಾಡಬೇಕು ಎಂದು ಕಾರ್ಮಿಕ ಕುಟುಂಬದ ಪೋಷಕರು ಹೇಳಿಕೊಟ್ಟಿದ್ದರು. ಮಧ್ಯಮ ವರ್ಗದವರು, ಅರ್ಥವಾಗದಿದ್ದರೆ ಕೇಳಿ ತಿಳಿದುಕೋ ಎಂದು ಕಲಿಸಿದ್ದರು. ಇಬ್ಬರೂ ಬಯಸಿದ್ದು ಮಕ್ಕಳ ಒಳ್ಳೆಯದನ್ನೇ. ಮೊದಲನೆಯವರು ಕಲಿಸಿದ್ದು ಗೌರವ ಮತ್ತು ಶ್ರಮ. ಆದರೆ ಶಾಲೆಯಲ್ಲಿ ಫಲ ಕೊಟ್ಟಿದ್ದು ಎರಡನೆಯದು. ಮೌನವಾಗಿ ಕುಳಿತ ಮಗುವಿಗೆ ಎಲ್ಲ ಅರ್ಥವಾಗಿದೆ ಎಂದೋ, ಆಸಕ್ತಿ ಇಲ್ಲ ಎಂದೋ ಭಾವಿಸುವುದು ಸುಲಭ. ಎರಡೂ ತಪ್ಪಾಗಿರಬಹುದು.

ಅಂತರ ಕಡಿಮೆ ಮಾಡಲು ಸಾಧ್ಯವೇ?

ಕಲಾರ್ಕೊ ಗಮನಿಸಿದ ಇನ್ನೊಂದು ಅಂಶ ಇಲ್ಲಿ ಮುಖ್ಯ. ಟೀಚರ್ ಏನನ್ನು ನಿರೀಕ್ಷಿಸುತ್ತಾರೆ ಎಂಬುದು ಅಸ್ಪಷ್ಟವಾಗಿದ್ದಾಗ ವರ್ಗದ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಈಗ ಪ್ರಶ್ನೆ ಕೇಳಬಹುದು, ಹೀಗೆ ಕೇಳಬೇಕು ಎಂದು ಸ್ಪಷ್ಟವಾಗಿ ಹೇಳಿದಾಗ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತಿದ್ದರು. ಅಂದರೆ ಕೊರತೆ ಮಗುವಿನ ಸಾಮರ್ಥ್ಯದಲ್ಲಿ ಇರಲಿಲ್ಲ, ಹೇಳದೇ ಬಿಟ್ಟ ನಿಯಮದಲ್ಲಿತ್ತು.

ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಇದರ ಒಂದು ಬಾಗಿಲನ್ನು ಮುಚ್ಚಿದೆ. ಪ್ರವೇಶದ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆಯ್ಕೆ ಮಾಡುವಂತಿಲ್ಲ ಎನ್ನುತ್ತದೆ ಅದರ 13ನೇ ಸೆಕ್ಷನ್. ಅಪ್ಪ ಅಮ್ಮನ ಇಂಗ್ಲಿಷ್ ನೋಡಿ ಸೀಟು ಕೊಡುವುದು ಸಾಂಸ್ಕೃತಿಕ ಬಂಡವಾಳವನ್ನು ಅಳೆದಂತೆಯೇ ಸರಿ. ಆದರೆ ಸೀಟು ಸಿಕ್ಕ ನಂತರ ತರಗತಿಯಲ್ಲಿ ಯಾರು ಪ್ರಶ್ನೆ ಕೇಳುತ್ತಾರೆ ಎಂಬುದನ್ನು ಈ ನಿಯಮ ಮುಟ್ಟುವುದಿಲ್ಲ.

ಈ ಸಿದ್ಧಾಂತಕ್ಕೆ ಮಿತಿಯೂ ಇದೆ

ಕಲಾರ್ಕೊ ಹೋಲಿಸಿದ್ದು ಬಿಳಿಯ ಕುಟುಂಬಗಳ ಮಕ್ಕಳನ್ನು. ಜಾತಿ, ಮನೆಮಾತು, ಬೋಧನಾ ಮಾಧ್ಯಮ ಎಲ್ಲವೂ ಸೇರಿಕೊಳ್ಳುವ ಭಾರತದ ತರಗತಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಫೀಸು, ಹಸಿವು, ಶಿಕ್ಷಕರ ಕೊರತೆಯಂಥ ಕಾರಣಗಳನ್ನೂ ಇದು ಅಳಿಸಿಹಾಕುವುದಿಲ್ಲ. ಹ್ಯಾಬಿಟಸ್ ಹಣೆಬರಹವೂ ಅಲ್ಲ. ಫ್ರಾನ್ಸ್‌ನ ನೈಋತ್ಯ ಭಾಗದ ಹಳ್ಳಿಯೊಂದರಲ್ಲಿ 1930ರಲ್ಲಿ ಹುಟ್ಟಿ, ಪ್ಯಾರಿಸ್‌ನ ಪ್ರತಿಷ್ಠಿತ ಎಕೋಲ್ ನಾರ್ಮಾಲ್ ಸುಪೀರಿಯರ್ ಸೇರಿದ ಬೂರ್ಡಿಯೂ ಅವರ ತಂದೆ ಅಂಚೆ ಇಲಾಖೆಯ ನೌಕರರಾಗಿದ್ದರು.