ಗ್ರಾಹಕರ ದೂರಿಗೆ ಮನಮುಟ್ಟುವ ಉತ್ತರ

ವಾಣಿಜ್ಯ ವಿಭಾಗದ ನಮಗೆಲ್ಲ ವ್ಯವಹಾರ ಪತ್ರ ಬರೆಯುವುದು ಗೊತ್ತು. ಆದರೆ ಈಗ ಅಂಗಡಿಗಳಿಗೆ ದೂರು ಬರುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ. ನನ್ನ ಮಾಮು ಅವರ ಬಟ್ಟೆ ಅಂಗಡಿಯಲ್ಲಿ ರಜೆಯ ದಿನಗಳಲ್ಲಿ ಇಂತಹ ಸಂದೇಶಗಳಿಗೆ ಉತ್ತರ ಬರೆಯುವ ಕೆಲಸ ನನ್ನದು. ಅಲ್ಲಿ ಕಲಿತದ್ದನ್ನು ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ.

ಸವಿತಾ ಎಂಬ ಗ್ರಾಹಕರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: "ಮಗಳಿಗೆ 32 ಸೈಜಿನ ಯೂನಿಫಾರ್ಮ್ ಹೇಳಿದ್ದೆ. 30 ಬಂದಿದೆ. ಸೋಮವಾರ ಶಾಲೆ ಶುರು. ಎರಡು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ."

ಸಾಮಾನ್ಯವಾಗಿ ಹೋಗುವ ಉತ್ತರ ಇದು: "ಗೌರವಾನ್ವಿತ ಗ್ರಾಹಕರೇ, ತಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ತಮ್ಮ ದೂರನ್ನು ಪರಿಶೀಲಿಸಲಾಗುತ್ತಿದೆ. ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ತಮ್ಮ ಸಹಕಾರಕ್ಕೆ ಧನ್ಯವಾದಗಳು."

ಇದರಲ್ಲಿ ಅಗೌರವದ ಮಾತು ಒಂದೂ ಇಲ್ಲ. ಆದರೂ ಓದಿದವರಿಗೆ ಸಿಟ್ಟು ಹೆಚ್ಚಾಗುತ್ತದೆ. ಯೂನಿಫಾರ್ಮ್, ಮಗಳು, ಸೋಮವಾರ ಯಾವುದರ ಮಾತೂ ಇದರಲ್ಲಿಲ್ಲ. ಇದೇ ಉತ್ತರವನ್ನು ಹರಿದ ಸೀರೆಯ ದೂರಿಗೂ ಕಳಿಸಬಹುದು. ತಮ್ಮ ಸಂದೇಶವನ್ನು ಯಾರೂ ಓದಿಲ್ಲ ಎಂದು ಆ ತಾಯಿಗೆ ಅನಿಸುವುದು ಸಹಜ.

ಇನ್ನೊಂದು ಕಾರಣ ಕ್ರಿಯಾಪದಗಳಲ್ಲಿದೆ. 'ಪರಿಶೀಲಿಸಲಾಗುತ್ತಿದೆ', 'ಕೈಗೊಳ್ಳಲಾಗುವುದು' ಎಂಬ ಕರ್ಮಣಿ ಪ್ರಯೋಗದಲ್ಲಿ ಕೆಲಸ ಮಾಡುವವರು ಯಾರು ಎಂಬುದೇ ಕಾಣುವುದಿಲ್ಲ. ಸರ್ಕಾರಿ ಪ್ರಕಟಣೆಗೆ ಅದು ಸರಿ. ಅಂಗಡಿಯ ಉತ್ತರದಲ್ಲಿ ಅದು ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಅದನ್ನು 'ನಾನು ನೋಡಿದೆ', 'ನಾವು ಕಳಿಸುತ್ತೇವೆ' ಎಂದು ಬದಲಿಸಿದರೆ ಅರ್ಧ ಕೆಲಸ ಮುಗಿದಂತೆ. 'ಶೀಘ್ರದಲ್ಲೇ' ಎನ್ನುವ ಜಾಗದಲ್ಲಿ ದಿನ ಮತ್ತು ಗಂಟೆ ಬರಬೇಕು. 'ಅನಾನುಕೂಲತೆ' ಎನ್ನುವ ಜಾಗದಲ್ಲಿ ಅವರಿಗೆ ನಿಜವಾಗಿ ಆದ ತೊಂದರೆ ಬರಬೇಕು.

ಹಾಗೆಂದು ಇನ್ನೊಂದು ತುದಿಗೆ ಹೋಗಬಾರದು. "ಅಯ್ಯೋ ಅಕ್ಕಾ, ಸಾರಿ! ಟೆನ್ಷನ್ ಮಾಡ್ಕೋಬೇಡಿ, ನಾವಿದೀವಲ್ಲ" ಎಂದು ಬರೆದರೆ, ಜೊತೆಗೆ ನಗುವ ಮುಖದ ಚಿತ್ರ ಹಾಕಿದರೆ, ಅವರ ಚಿಂತೆಯನ್ನು ನಾವು ಹಗುರವಾಗಿ ತೆಗೆದುಕೊಂಡಂತೆ ಕಾಣುತ್ತದೆ. ಅಂಗಡಿಗೆ ಬಂದು ನಗುನಗುತ್ತಾ ಮಾತಾಡುವವರನ್ನು 'ಅಕ್ಕಾ' ಎನ್ನಬಹುದು. ಸಿಟ್ಟಿನಲ್ಲಿರುವ ಅಪರಿಚಿತರಿಗೆ 'ಸವಿತಾ ಅವರೇ' ಎನ್ನುವುದೇ ಸರಿ. ನಮ್ಮ ಮನೆಯ ಉರ್ದುವಿನಲ್ಲಿ 'ಆಪ್' ಇರುವಂತೆ ಕನ್ನಡದಲ್ಲಿ 'ನೀವು' ಇದೆ. 'ತಾವು' ದೂರವಾಯಿತು, 'ನೀನು' ಸಲ್ಲದು, 'ನೀವು' ಸಾಕು. ಪದಗಳು ದಿನಬಳಕೆಯವಾಗಿರಲಿ. ಆದರೆ 'ಮಾಡ್ತೀವಿ' ಎನ್ನದೆ 'ಮಾಡುತ್ತೇವೆ' ಎಂದು ಪೂರ್ತಿ ಬರೆದರೆ ಸಲುಗೆ ಮಿತಿಯಲ್ಲಿರುತ್ತದೆ.

ಈಗ ಉತ್ತರವನ್ನು ಹೊಸದಾಗಿ ಬರೆಯೋಣ:

"ನಮಸ್ಕಾರ ಸವಿತಾ ಅವರೇ. ನೀವು ಹೇಳಿದ್ದು 32, ನಾವು ಕಳಿಸಿದ್ದು 30. ತಪ್ಪು ನಮ್ಮದೇ, ದಯವಿಟ್ಟು ಕ್ಷಮಿಸಿ. ನೀವು ಎರಡು ಸಲ ಫೋನ್ ಮಾಡಿದರೂ ನಾವು ಎತ್ತದೇ ಇದ್ದದ್ದೂ ತಪ್ಪು. ಸೋಮವಾರ ಮಗಳು ಯೂನಿಫಾರ್ಮ್ ಇಲ್ಲದೆ ಶಾಲೆಗೆ ಹೋಗುವಂತೆ ಆಗಬಾರದು. 32 ಸೈಜಿನದನ್ನು ಈಗಲೇ ತೆಗೆದಿಟ್ಟಿದ್ದೇನೆ. ಶನಿವಾರ ಸಂಜೆ 5 ಗಂಟೆಯೊಳಗೆ ನಮ್ಮ ಹುಡುಗ ನಿಮ್ಮ ಮನೆಗೆ ತಂದುಕೊಡುತ್ತಾನೆ. 30ರದ್ದನ್ನು ಅವನ ಕೈಗೇ ಕೊಟ್ಟುಬಿಡಿ, ಹಣ ಏನೂ ಕೊಡಬೇಕಾಗಿಲ್ಲ. ಏನಾದರೂ ಕೇಳುವುದಿದ್ದರೆ ಇದೇ ನಂಬರಿಗೆ ಫೋನ್ ಮಾಡಿ, ನಾನೇ ಮಾತಾಡುತ್ತೇನೆ."

ಕೊನೆಗೆ ಬರೆದವರ ಹೆಸರು, ಅದರ ಕೆಳಗೆ ಅಂಗಡಿಯ ಹೆಸರು ಇರಬೇಕು.

ಇಲ್ಲಿ ಭಾವನೆಯ ಮಾತು ಒಂದೇ ವಾಕ್ಯ, ಮಗಳ ಸೋಮವಾರದ್ದು. ಅದೂ ಅವರೇ ಬರೆದ ಸಂಗತಿಯಿಂದ ಬಂದದ್ದು. "ನಿಮ್ಮ ನೋವು ನಮ್ಮ ನೋವು" ಎಂದೆಲ್ಲ ಸೇರಿಸಿದರೆ ನಾಟಕವಾಗುತ್ತದೆ. ಉಳಿದ ಆತ್ಮೀಯತೆ ಬಂದಿರುವುದು ವಿವರಗಳಿಂದ.

ಒಂದು ಎಚ್ಚರಿಕೆ ಇದೆ. 32 ಸೈಜು ಅಂಗಡಿಯಲ್ಲಿದೆಯೇ, ಶನಿವಾರ ತಲುಪಿಸಲು ಆಗುತ್ತದೆಯೇ ಎಂದು ಮೊದಲು ನೋಡಿಕೊಂಡು, ಮಾಲೀಕರನ್ನು ಕೇಳಿ, ಆಮೇಲೆ ಬರೆಯಬೇಕು. ಇಲ್ಲದಿದ್ದರೆ "ಸರಕು ಇದೆಯೇ ಎಂದು ನೋಡುತ್ತಿದ್ದೇನೆ, ಇಂದು ಸಂಜೆ 6ರೊಳಗೆ ತಿಳಿಸುತ್ತೇನೆ" ಎಂದಷ್ಟೇ ಬರೆದು, ಹೇಳಿದ ಹೊತ್ತಿಗೆ ತಿಳಿಸಬೇಕು. ತಪ್ಪು ಯಾರದು ಎಂದು ಗೊತ್ತಾಗುವ ಮುನ್ನ 'ತಪ್ಪು ನಮ್ಮದೇ' ಎನ್ನುವುದೂ ಬೇಡ. ಮೃದುವಾದ ಮಾತು ಕೊಟ್ಟು ಶನಿವಾರ ಯಾರೂ ಹೋಗದಿದ್ದರೆ, ಮೊದಲಿನ ಒಣ ಉತ್ತರಕ್ಕಿಂತ ಅದು ಹೆಚ್ಚು ನೋಯಿಸುತ್ತದೆ.

ಕಳಿಸುವ ಮುಂಚೆ ಉತ್ತರವನ್ನು ಒಮ್ಮೆ ಗಟ್ಟಿಯಾಗಿ ಓದಿ. ಗಲ್ಲಾದ ಎದುರು ಆ ತಾಯಿಯೇ ನಿಂತಿದ್ದರೆ ಇದೇ ಮಾತು ಹೇಳುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಹೇಳಲು ನಾಲಿಗೆ ತಡವರಿಸುವ ವಾಕ್ಯವನ್ನು ಬದಲಿಸಿ.