ಶ್ವಾಸಕೋಶದೊಳಗಿನ ಮುದ್ರೆಯುಂಗುರ

ಎದೆಯ ಸಿ.ಟಿ. ಸ್ಕ್ಯಾನ್ ಬಂತೆಂದರೆ ಜಿಲ್ಲಾ ಕೇಂದ್ರವೊಂದರ ಈ ಹಿರಿಯ ರೇಡಿಯಾಲಜಿಸ್ಟ್ ಮೊದಲು ನೋಡುವುದು ಶ್ವಾಸಕೋಶದ ತಳಭಾಗವನ್ನು. 'ಚಿಕ್ಕಂದಿನಲ್ಲಿ ಎದೆಗೆ ಬಿದ್ದ ಪೆಟ್ಟು ಸಾಮಾನ್ಯವಾಗಿ ಅಲ್ಲೇ ಉಳಿದಿರುತ್ತೆ' ಎನ್ನುತ್ತಾರೆ. ಅವರು ಹುಡುಕುವುದು ಒಂದು ಉಂಗುರವನ್ನು.

ಶ್ವಾಸಕೋಶದಲ್ಲಿ ಪ್ರತಿ ಗಾಳಿನಾಳದ ಪಕ್ಕದಲ್ಲೇ ಒಂದು ರಕ್ತನಾಳ ಜೊತೆಯಾಗಿ ಸಾಗುತ್ತದೆ. ಎರಡನ್ನೂ ಅಡ್ಡಲಾಗಿ ಕತ್ತರಿಸಿದಂತೆ ಸ್ಕ್ಯಾನ್ ತೋರಿಸಿದಾಗ ರಕ್ತ ತುಂಬಿದ್ದು ಬಿಳಿ ಚುಕ್ಕೆಯಾಗಿಯೂ, ಗಾಳಿ ತುಂಬಿದ್ದು ತೆಳು ಬಿಳಿ ಅಂಚಿನ ಕಪ್ಪು ವೃತ್ತವಾಗಿಯೂ ಕಾಣುತ್ತವೆ. ಆರೋಗ್ಯವಂತರಲ್ಲಿ ಗಾಳಿನಾಳದ ಒಳ ಅಗಲ ರಕ್ತನಾಳಕ್ಕಿಂತ ತುಸು ಕಡಿಮೆಯೇ. ಗಾಳಿನಾಳ ಹಿಗ್ಗಿದರೆ ಲೆಕ್ಕ ತಿರುಗುಮುರುಗಾಗುತ್ತದೆ: ದೊಡ್ಡ ಕಪ್ಪು ಬಳೆ, ಅದರ ಅಂಚಿಗೆ ಅಂಟಿದ ಪುಟ್ಟ ಬಿಳಿ ಹರಳು. ವೈದ್ಯರು ಇದನ್ನು ಮುದ್ರೆಯುಂಗುರದ ಚಿಹ್ನೆ ಎನ್ನುತ್ತಾರೆ. ಕಾಯಿಲೆಯ ಹೆಸರು ಬ್ರಾಂಕಿಯೆಕ್ಟಾಸಿಸ್.

ನಾನು ಹೋದಾಗ ಅವರ ಮುಂದಿದ್ದದ್ದು ಬಟ್ಟೆ ಹೊಲಿಯುವ 31 ವರ್ಷದ ಹೆಣ್ಣುಮಗಳ ಸ್ಕ್ಯಾನ್. ನಾಲ್ಕನೇ ವಯಸ್ಸಿನಲ್ಲಿ ದಡಾರ, ಅದರ ಬೆನ್ನಿಗೇ ನ್ಯುಮೋನಿಯಾ. ಆಮೇಲೆ ಪ್ರತಿ ಮಳೆಗಾಲಕ್ಕೂ ಎದೆ ಕಟ್ಟಿಕೊಂಡು ಜ್ವರ. ದೊಡ್ಡವಳಾದ ಮೇಲೆ ಬೆಳಗಾದರೆ ಹಳದಿ ಕಫ. ಆಸ್ತಮಾ ಎಂದು ಪಂಪ್ ಕೊಟ್ಟರು; ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಒಮ್ಮೆ ಟಿ.ಬಿ. ಮಾತ್ರೆ ನುಂಗಿಸಿದರು. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಸ್ಕ್ಯಾನಿನಲ್ಲಿ ಮಾತ್ರ ಎಡ ತಳಭಾಗದ ತುಂಬ ಉಂಗುರಗಳು. ರೇಡಿಯಾಲಜಿಸ್ಟ್ ಅಳೆಯಲು ಕೂತರು. ಓರೆಯಾಗಿ ಕತ್ತರಿಸಿದ ನಾಳ ಮೊಟ್ಟೆಯಾಕಾರವಾಗಿ ಕಂಡು ಮೋಸ ಮಾಡುತ್ತದೆ; ಹಾಗಾಗಿ ದುಂಡಗೆ ಕಂಡದ್ದನ್ನೇ ಆರಿಸಿದರು. ಗೋಡೆಯ ದಪ್ಪ ಬಿಟ್ಟು ಒಳಗಿನ ಅಗಲ 7 ಮಿ.ಮೀ., ಪಕ್ಕದ ರಕ್ತನಾಳ 4 ಮಿ.ಮೀ. ಭಾಗಿಸಿದರೆ 1.75. ವಯಸ್ಕರಲ್ಲಿ 1 ದಾಟಿದರೆ ಅನುಮಾನ ಪಡಬೇಕು; ಮಕ್ಕಳಲ್ಲಿ 0.8 ದಾಟಿದರೂ ಸಾಕು.

ಅಷ್ಟಕ್ಕೇ ಅವರು ವರದಿ ಬರೆಯಲಿಲ್ಲ. ಗಾಳಿನಾಳ ಹೊರಕ್ಕೆ ಹೋದಂತೆ ಸಣ್ಣದಾಗುತ್ತ ಹೋಗಬೇಕು. ಇಲ್ಲಿ ಕೊನೆಯವರೆಗೂ ಒಂದೇ ಅಗಲ. ಶ್ವಾಸಕೋಶದ ಹೊರಪೊರೆಯಿಂದ 1 ಸೆಂ.ಮೀ. ಒಳಗೆ ಗಾಳಿನಾಳ ಕಣ್ಣಿಗೆ ಬೀಳಲೇಬಾರದು. ಇಲ್ಲಿ ಎದ್ದು ಕಾಣುತ್ತಿತ್ತು. ಮೂರೂ ಕೂಡಿ ಬಂದ ಮೇಲೆಯೇ ಅವರು ಬರೆಯಲು ಶುರು ಮಾಡಿದ್ದು.

ಉಂಗುರ ಕಂಡಲ್ಲೆಲ್ಲ ಕಾಯಿಲೆ ಇರುವುದಿಲ್ಲ. ವಯಸ್ಸಾದವರಲ್ಲಿ, ಎತ್ತರದ ಪ್ರದೇಶಗಳಲ್ಲಿ ವಾಸಿಸುವವರಲ್ಲಿ ರೋಗವಿಲ್ಲದೆಯೂ ಅನುಪಾತ 1 ದಾಟಬಹುದು. ಹೃದಯದ ಮಿಡಿತಕ್ಕೆ ಚಿತ್ರ ಅಲುಗಿದರೆ ಎಡ ತಳಭಾಗದಲ್ಲೇ ಸುಳ್ಳು ಗೋಡೆಗಳು ಮೂಡುತ್ತವೆ. ಆಗತಾನೇ ನ್ಯುಮೋನಿಯಾ ಆಗಿದ್ದರೆ ನಾಳ ತಾತ್ಕಾಲಿಕವಾಗಿ ಹಿಗ್ಗಿರುತ್ತದೆ. ಕೆಲವು ತಿಂಗಳು ಕಾದು ನೋಡಬೇಕು.

ಈ ಕಾಯಿಲೆಯನ್ನು ಮೊದಲು ವಿವರಿಸಿದವನು ಸ್ಟೆತಸ್ಕೋಪಿನ ಜನಕ, ಫ್ರಾನ್ಸಿನ ಲೆನೆಕ್, 1819ರಲ್ಲಿ. ಬದುಕಿದ್ದವರಲ್ಲಿ ಇದನ್ನು ಕಣ್ಣಾರೆ ಕಾಣಲು ಮತ್ತೆ ನೂರು ವರ್ಷ ಬೇಕಾಯಿತು. 1922ರಲ್ಲಿ ಸಿಕಾರ್ ಮತ್ತು ಫಾರೆಸ್ಟಿಯೆ ಅಯೋಡಿನ್ ಬೆರೆತ ಎಣ್ಣೆಯನ್ನು ಗಾಳಿನಾಳಕ್ಕೇ ಬಿಟ್ಟು ಎಕ್ಸ್‌ರೇ ತೆಗೆಯುವ ದಾರಿ ತೋರಿಸಿದರು. ರೋಗಿಗೆ ಕೆಮ್ಮು, ಉಸಿರುಕಟ್ಟುವ ಸಂಕಟ. 1980ರ ದಶಕದಲ್ಲಿ ಸಿ.ಟಿ. ಬಂದು ಅದನ್ನು ಮೂಲೆಗೆ ಸರಿಸಿತು. ಈಗ ಉಸಿರು ತುಂಬಿ ಹಿಡಿದರೆ ಸಾಕು, ಸುಮಾರು 1 ಮಿ.ಮೀ. ತೆಳುವಿನ ಪದರಗಳಲ್ಲಿ ಇಡೀ ಎದೆ ಸಿಗುತ್ತದೆ.

ನಾಳ ಹಿಗ್ಗುವುದಕ್ಕೆ ಕಾರಣ ಒಂದು ಬಗೆಯ ಸುತ್ತು. ದಡಾರ, ನಾಯಿಕೆಮ್ಮು, ನ್ಯುಮೋನಿಯಾ ನಾಳದ ಗೋಡೆಯನ್ನೂ ಕಫವನ್ನು ಮೇಲೆ ತಳ್ಳುವ ಸೂಕ್ಷ್ಮ ರೋಮಗಳನ್ನೂ ಕೆಡಿಸುತ್ತವೆ. ಕಫ ನಿಲ್ಲುತ್ತದೆ, ನಿಂತಲ್ಲಿ ರೋಗಾಣು ಬೆಳೆಯುತ್ತದೆ. ಉರಿಯೂತ ಗೋಡೆಯನ್ನು ಇನ್ನಷ್ಟು ಸಡಿಲಿಸುತ್ತದೆ, ಇನ್ನಷ್ಟು ಕಫ ನಿಲ್ಲುತ್ತದೆ. ಭಾರತದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾರಣಗಳ ಪಟ್ಟಿಯಲ್ಲಿ ಕ್ಷಯ ಮೊದಲನೆಯದು, ಇತರ ತೀವ್ರ ಸೋಂಕುಗಳು ಎರಡನೆಯದು. ಕ್ಷಯದ ಗಾಯ ಹೆಚ್ಚಾಗಿ ಮೇಲ್ಭಾಗದಲ್ಲಿ ಉಳಿಯುತ್ತದೆ, ಬಾಲ್ಯದ ಸೋಂಕುಗಳದ್ದು ತಳದಲ್ಲಿ.

ಹೊಲಿಗೆಯ ಆ ಹೆಣ್ಣುಮಗಳಿಗೆ ಈಗ ಬೆಳಿಗ್ಗೆ ಸಂಜೆ ಕಫ ಹೊರಹಾಕುವ ಉಸಿರಾಟದ ವ್ಯಾಯಾಮ, ಸೋಂಕು ಏರಿದಾಗ ಆಂಟಿಬಯೊಟಿಕ್, ಫ್ಲೂ ಲಸಿಕೆ. ಕೆಮ್ಮು ಹತೋಟಿಗೆ ಬರಬಹುದು, ಹಿಗ್ಗಿದ ನಾಳ ಹಿಂದಿನಂತಾಗದು. ಆದರೆ ಚಿಕ್ಕ ಮಕ್ಕಳಲ್ಲಿ ಬೇಗ ಕಂಡು ಚಿಕಿತ್ಸೆ ಕೊಟ್ಟರೆ ಆರಂಭದ ಹಿಗ್ಗುವಿಕೆ ಮಾಯವಾಗುವುದುಂಟು. ನಾಲ್ಕು ವಾರ ಕಳೆದರೂ ಬಿಡದ, ಗೊರಗೊರ ಸದ್ದಿನ ಕಫದ ಕೆಮ್ಮನ್ನು 'ಮಕ್ಕಳಿಗೆ ಇದ್ದದ್ದೇ' ಎಂದು ಬಿಡಬಾರದು ಎನ್ನುವುದು ಅದಕ್ಕೇ. 'ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು' ಎಂದರು ರೇಡಿಯಾಲಜಿಸ್ಟ್. 'ಇವರನ್ನೆಲ್ಲ ಆರು ವರ್ಷದವರಿದ್ದಾಗ ಯಾರಾದರೂ ಕಳಿಸಿದ್ದರೆ ನಾನು ಬರೆಯುವ ವರದಿ ಬೇರೆಯೇ ಇರುತ್ತಿತ್ತು.'