ಹೋದ ವರ್ಷದ ಲೆಕ್ಕದಲ್ಲಿ ತಪ್ಪು ಸಿಕ್ಕಾಗ

ಕಂಪನಿಯೊಂದರ ವಾರ್ಷಿಕ ವರದಿಯಲ್ಲಿ ಪ್ರತಿ ಬಾಬ್ತಿನ ಮುಂದೆ ಎರಡು ಅಂಕಿಗಳಿರುತ್ತವೆ. ಒಂದು ಈ ವರ್ಷದ್ದು, ಇನ್ನೊಂದು ಹೋದ ವರ್ಷದ್ದು. ಎರಡನೆಯದನ್ನು ತುಲನಾ ಅಂಕಿ ಎನ್ನುತ್ತಾರೆ. ಹೋದ ವರ್ಷದ ವರದಿಯಲ್ಲಿ ಅಚ್ಚಾಗಿದ್ದ ಅಂಕಿಯೇ ಸಾಮಾನ್ಯವಾಗಿ ಇಲ್ಲಿಗೂ ಬರುತ್ತದೆ. ಆದರೆ ಆ ಅಂಕಿಯಲ್ಲಿ ತಪ್ಪಿತ್ತೆಂದು ಆಮೇಲೆ ಗೊತ್ತಾದರೆ ಅದನ್ನು ಹಾಗೆಯೇ ಮತ್ತೆ ಅಚ್ಚು ಹಾಕುವಂತಿಲ್ಲ. ತಪ್ಪು ಗಣನೀಯವಾಗಿದ್ದರೆ ತುಲನಾ ಅಂಕಿಯನ್ನೇ ತಿದ್ದಬೇಕು, ಅಂದರೆ ಆ ತಪ್ಪು ಆಗಿಯೇ ಇರಲಿಲ್ಲವೆಂಬಂತೆ ಹಿಂದಿನ ಲೆಕ್ಕವನ್ನು ಮರುನಿರೂಪಿಸಬೇಕು ಎನ್ನುತ್ತದೆ ಇಂಡ್ ಎಎಸ್ 8. ಭಾರತದ ಪಟ್ಟಿಯಾದ ಕಂಪನಿಗಳಿಗೂ ಪಟ್ಟಿಯಾಗದ ದೊಡ್ಡ ಕಂಪನಿಗಳಿಗೂ ಅನ್ವಯವಾಗುವ ಲೆಕ್ಕಪತ್ರ ಮಾನದಂಡ ಇದು.

ಚಿಕ್ಕ ಕಂಪನಿಗಳು ಈಗಲೂ ಪಾಲಿಸುವ ಹಳೆಯ ಎಎಸ್ 5ರ ದಾರಿ ಬೇರೆ. ಅಲ್ಲಿ ಹಿಂದಿನ ವರ್ಷದ ಅಂಕಿಯನ್ನು ಮುಟ್ಟುವುದಿಲ್ಲ. ತಪ್ಪಿನ ಮೊತ್ತವನ್ನು ಈ ವರ್ಷದ ಲಾಭ-ನಷ್ಟದಲ್ಲಿಯೇ 'ಹಿಂದಿನ ಅವಧಿಯ ಬಾಬ್ತು' ಎಂದು ಪ್ರತ್ಯೇಕವಾಗಿ ತೋರಿಸುತ್ತಾರೆ. ಎರಡೂ ದಾರಿಗಳಲ್ಲಿ ಕೊನೆಗೆ ಕೂಡಿ ಬರುವ ಮೊತ್ತ ಒಂದೇ, ಓದುಗನಿಗೆ ಕಾಣುವ ಚಿತ್ರ ಮಾತ್ರ ಬೇರೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಕಾಲ್ಪನಿಕ ಕಂಪನಿಯೊಂದರ ಲೆಕ್ಕ ನೋಡಬಹುದು.

ಅದು ಪಂಪ್‌ಸೆಟ್ ತಯಾರಿಸುವ ಕಾರ್ಖಾನೆ. 2022ರಲ್ಲಿ ದಾಸ್ತಾನಿನ ಲೆಕ್ಕಕ್ಕೆ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡಿತು. ಮಾರ್ಚ್ ಕೊನೆಯ ವಾರ ಡೀಲರುಗಳಿಗೆ ಲಾರಿಗಟ್ಟಲೆ ಸರಕು ಹೋಗುತ್ತದೆ. ಬಿಲ್ ಹಾಕಿದ ಕೂಡಲೇ ಮಾರಾಟ ದಾಖಲಾಗುತ್ತದೆ. ಆದರೆ ಡೀಲರ್ ಸರಕು ಮುಟ್ಟಿತೆಂದು ರಸೀದಿ ಕಳಿಸುವವರೆಗೆ ಸಾಫ್ಟ್‌ವೇರ್ ಅದನ್ನು ದಾಸ್ತಾನಿನಿಂದ ತೆಗೆಯುವುದಿಲ್ಲ, 'ಸಾಗಣೆಯಲ್ಲಿರುವ ಸರಕು' ಎಂಬ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಹೀಗಾಗಿ ಒಂದೇ ಪಂಪು ಮಾರಾಟದಲ್ಲೂ ಸೇರಿತು, ಮಾರ್ಚ್ 31ರ ದಾಸ್ತಾನಿನಲ್ಲೂ ಸೇರಿತು. ಗೋದಾಮಿನಲ್ಲಿ ಎಣಿಸಿದವರಿಗೆ ಇದು ಸಿಗಲಿಲ್ಲ, ಏಕೆಂದರೆ ಆ ಸರಕು ಗೋದಾಮಿನಲ್ಲಿ ಇರಬೇಕಾದದ್ದೇ ಅಲ್ಲ. 2024-25ರ ಲೆಕ್ಕ ಮುಗಿಸುವಾಗ ವಿಷಯ ಹೊರಬಿತ್ತು: 2023ರ ಮಾರ್ಚ್ 31ರಂದು ದಾಸ್ತಾನು 1 ಕೋಟಿ ರೂಪಾಯಿ ಹೆಚ್ಚಾಗಿತ್ತು, 2024ರ ಮಾರ್ಚ್ 31ರಂದು 3 ಕೋಟಿ.

ಮುಕ್ತಾಯ ದಾಸ್ತಾನು ಹೆಚ್ಚಾದರೆ ಆ ವರ್ಷದ ಲಾಭ ಅಷ್ಟೇ ಹೆಚ್ಚುತ್ತದೆ. ಅದೇ ಮೊತ್ತ ಮರುವರ್ಷದ ಆರಂಭಿಕ ದಾಸ್ತಾನಾಗುವುದರಿಂದ ಆಗ ಲಾಭ ಅಷ್ಟೇ ಇಳಿಯುತ್ತದೆ. ಕಂಪನಿ 2022-23ಕ್ಕೆ 9 ಕೋಟಿ, 2023-24ಕ್ಕೆ 12 ಕೋಟಿ ತೆರಿಗೆಪೂರ್ವ ಲಾಭ ತೋರಿಸಿತ್ತು. ನಿಜವಾದ ಲಾಭ ಮೊದಲ ವರ್ಷ 8 ಕೋಟಿ. ಎರಡನೆಯ ವರ್ಷ ಆರಂಭದಲ್ಲಿ 1 ಕೋಟಿಯ ಮತ್ತು ಕೊನೆಯಲ್ಲಿ 3 ಕೋಟಿಯ ತಪ್ಪಿದ್ದುದರಿಂದ ನಿವ್ವಳ 2 ಕೋಟಿ ಕಳೆದು 10 ಕೋಟಿ. 2024-25ರ ಸರಿಯಾದ ಲಾಭ 11 ಕೋಟಿ. ತಪ್ಪನ್ನು ಮುಟ್ಟದೆ ಬಿಟ್ಟಿದ್ದರೆ ಈ ವರ್ಷ 8 ಕೋಟಿ ಬರುತ್ತಿತ್ತು. ಎಎಸ್ 5ರಂತೆ 3 ಕೋಟಿಯನ್ನು ಪ್ರತ್ಯೇಕ ಬಾಬ್ತಾಗಿ ತೋರಿಸಿದರೂ ಕೊನೆಯ ಸಾಲಿನಲ್ಲಿ 8 ಕೋಟಿಯೇ. ಮೂರು ವರ್ಷದ ಮೊತ್ತ ಹೇಗೆ ಕೂಡಿದರೂ 29 ಕೋಟಿ. ಆದರೆ 9, 12, 8 ಎಂಬ ಸಾಲು ನೋಡಿದವನಿಗೆ ಕಂಪನಿ ಕುಸಿಯುತ್ತಿದೆ ಎನಿಸುತ್ತದೆ, 8, 10, 11 ಎಂಬ ಸಾಲು ನೋಡಿದವನಿಗೆ ನಿಧಾನವಾಗಿ ಏರುತ್ತಿದೆ ಎಂದು. 'ದಾಸ್ತಾನಿನ ತಪ್ಪು ಎರಡು ವರ್ಷದಲ್ಲಿ ತಾನೇ ಸರಿಹೋಗುತ್ತದೆ, ಬಿಡಿ' ಎಂಬ ಮಾತು ಲೆಕ್ಕದ ವಿಭಾಗಗಳಲ್ಲಿ ಕೇಳಿಬರುವುದುಂಟು. ಒಟ್ಟು ಮೊತ್ತದ ಮಟ್ಟಿಗೆ ಅದು ನಿಜ, ಪ್ರತಿ ವರ್ಷದ ಲಾಭದ ಮಟ್ಟಿಗೆ ಸುಳ್ಳು.

ಮರುನಿರೂಪಣೆಯ ಕೆಲಸ ಹೀಗೆ ಸಾಗುತ್ತದೆ. ವರದಿಯಲ್ಲಿ ಕಾಣುವ ಹಿಂದಿನ ವರ್ಷ 2023-24 ಮಾತ್ರ. ಆದ್ದರಿಂದ ಅದರ ಅಂಕಿಗಳನ್ನು ನೇರವಾಗಿ ತಿದ್ದಬೇಕು. ಅದಕ್ಕೂ ಹಿಂದಿನ 1 ಕೋಟಿಯ ತಪ್ಪು 2023ರ ಏಪ್ರಿಲ್ 1ರ ಆರಂಭಿಕ ಶಿಲ್ಕುಗಳಲ್ಲಿ ಸರಿಯಾಗುತ್ತದೆ. ತೆರಿಗೆಯನ್ನು ಸರಳವಾಗಿ ಶೇ. 25 ಎಂದುಕೊಂಡರೆ ಆ ದಿನದ ಉಳಿಕೆ ಲಾಭ 75 ಲಕ್ಷ ಇಳಿಯುತ್ತದೆ. 2023-24ರ ತೆರಿಗೆ ನಂತರದ ಲಾಭ ಒಂದೂವರೆ ಕೋಟಿ ಇಳಿಯುತ್ತದೆ. ಅಲ್ಲಿಗೆ 2024ರ ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ದಾಸ್ತಾನು 3 ಕೋಟಿ ಕಡಿಮೆ, ಉಳಿಕೆ ಲಾಭ 2.25 ಕೋಟಿ ಕಡಿಮೆ. ನಡುವಿನ 75 ಲಕ್ಷ ಮುಂದೂಡಿದ ತೆರಿಗೆಯ ಆಸ್ತಿ. ರಿಟರ್ನ್‌ನಲ್ಲಿ ಹೆಚ್ಚು ದಾಸ್ತಾನು ತೋರಿಸಿ ಹೆಚ್ಚು ತೆರಿಗೆ ಕಟ್ಟಿಯಾಗಿದೆ, ಮುಂದಿನ ವರ್ಷದ ತೆರಿಗೆ ಲೆಕ್ಕದಲ್ಲಿ ಅದೇ ಮೊತ್ತ ಆರಂಭಿಕ ದಾಸ್ತಾನಾಗಿ ಕಳೆದುಹೋಗಿ ತೆರಿಗೆ ಇಳಿಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಆರಂಭಿಕ ಶಿಲ್ಕಿನ ಮೇಲೆ ಗಣನೀಯ ಪರಿಣಾಮ ಆಗಿರುವುದರಿಂದ 2023ರ ಏಪ್ರಿಲ್ 1ರ ಬ್ಯಾಲೆನ್ಸ್ ಶೀಟನ್ನೂ ಮೂರನೆಯದಾಗಿ ಕೊಡಬೇಕು ಎನ್ನುತ್ತದೆ ಇಂಡ್ ಎಎಸ್ 1. ಈ ಮೂರನೆಯ ಕಾಲಂ ಕಂಡೊಡನೆ ಅನುಭವಿ ಓದುಗನ ಕಣ್ಣು ಟಿಪ್ಪಣಿಗಳತ್ತ ತಿರುಗುತ್ತದೆ.

ಇಷ್ಟು ಲೆಕ್ಕ ಕೈಗೆ ಬಂದ ಮೇಲೆ ಆಡಿಟರ್ ಮೊದಲು ಕೇಳುವುದು ಇದು ನಿಜಕ್ಕೂ ತಪ್ಪೇ ಎಂದು. ಆಗಿನ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟ ದಿನ ಲಭ್ಯವಿದ್ದ, ಪ್ರಯತ್ನಪಟ್ಟರೆ ಸಿಗುತ್ತಿದ್ದ ಮಾಹಿತಿಯನ್ನು ಬಳಸದೆ ಹೋದದ್ದು ಅಥವಾ ತಪ್ಪಾಗಿ ಬಳಸಿದ್ದು ಮಾತ್ರ ಹಿಂದಿನ ಅವಧಿಯ ತಪ್ಪು. ಆಮೇಲೆ ನಡೆದ ಸಂಗತಿಯಿಂದ ಅಂದಾಜು ಬದಲಾದರೆ ಅದು ಅಂದಾಜಿನ ಬದಲಾವಣೆ, ಅದರ ಪರಿಣಾಮ ಈ ವರ್ಷಕ್ಕೇ ಸೇರಬೇಕು. ಡೀಲರನೊಬ್ಬ 2024ರ ಡಿಸೆಂಬರಿನಲ್ಲಿ ಗೋದಾಮು ಸುಟ್ಟು ದಿವಾಳಿಯಾದರೆ ಅವನಿಂದ ಬರಬೇಕಾದ ಬಾಕಿ ಮುಳುಗಿದ್ದು ಈ ವರ್ಷದ ನಷ್ಟ. ಅವನು 2023ರಲ್ಲೇ ಅಂಗಡಿ ಮುಚ್ಚಿದ್ದು ಕಂಪನಿಯ ಕಡತದಲ್ಲೇ ಇದ್ದರೆ ಅದು ತಪ್ಪು. ಈ ಗೆರೆಯ ಎರಡೂ ಬದಿಗೆ ಆಮಿಷವಿದೆ. ಮರುನಿರೂಪಣೆಯ ಮುಜುಗರ ಬೇಡವೆನ್ನುವವರು ತಪ್ಪನ್ನು ಅಂದಾಜಿನ ಬದಲಾವಣೆ ಎಂದು ಕರೆಯುತ್ತಾರೆ. ಈ ವರ್ಷದ ಲಾಭ ಚೆನ್ನಾಗಿ ಕಾಣಲಿ ಎನ್ನುವವರು ಈ ವರ್ಷದ ನಷ್ಟವನ್ನೇ 'ಹಳೆಯ ತಪ್ಪು' ಎಂದು ಹಿಂದಕ್ಕೆ ತಳ್ಳುತ್ತಾರೆ. ಹೊಸ ಮುಖ್ಯಸ್ಥರು ಬಂದ ಮೊದಲ ವರ್ಷದಲ್ಲಿ ಎರಡನೆಯದರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಪಂಪ್‌ಸೆಟ್ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸರಕು ಕಾರ್ಖಾನೆಯ ಗೇಟು ದಾಟಿದೊಡನೆ ಹೊಣೆ ಡೀಲರಿನದು ಎಂದು ಒಪ್ಪಂದವಿದ್ದರೆ ಮಾರಾಟ ಸರಿ, ದಾಸ್ತಾನು ತಪ್ಪು. ಡೀಲರಿನ ಅಂಗಡಿಗೆ ಮುಟ್ಟಿಸುವವರೆಗೆ ಹೊಣೆ ಕಂಪನಿಯದೇ ಆಗಿದ್ದರೆ ಎಲ್ಲವೂ ತಲೆಕೆಳಗು: ದಾಸ್ತಾನು ಸರಿ, ಮಾರಾಟವನ್ನೇ ಬೇಗ ದಾಖಲಿಸಲಾಗಿದೆ. ಆಗ ತಿದ್ದಬೇಕಾದದ್ದು ಆದಾಯ ಮತ್ತು ಡೀಲರುಗಳ ಬಾಕಿ, ಮೊತ್ತವೂ ಸರಕಿನ ವೆಚ್ಚವಲ್ಲ, ಮಾರಾಟ ಬೆಲೆ. ಆದ್ದರಿಂದ ಕಂಪನಿ ತಂದುಕೊಟ್ಟ ತಿದ್ದುಪಡಿಯ ಹಾಳೆಯನ್ನು ಕೂಡಿ ಕಳೆದು ನೋಡುವ ಮೊದಲು ಆಡಿಟರ್ ಒಪ್ಪಂದವನ್ನು ಓದಬೇಕು. ಆಮೇಲೆ ಮಾರ್ಚ್ ಕೊನೆಯ ದಿನಗಳ ಬಿಲ್, ಗೇಟ್ ಪಾಸ್, ಇ-ವೇ ಬಿಲ್, ಲಾರಿ ರಸೀದಿಗಳನ್ನು 'ಸಾಗಣೆಯಲ್ಲಿರುವ ಸರಕು' ಪಟ್ಟಿಯೊಂದಿಗೆ ತಾಳೆ ನೋಡಬೇಕು. ತಪ್ಪು ಎಲ್ಲಿಂದ ಶುರುವಾಯಿತು ಎಂಬುದಕ್ಕೂ ಪುರಾವೆ ಬೇಕು. ಸಾಫ್ಟ್‌ವೇರ್ 2022ರಲ್ಲಿ ಬಂತು ಎಂಬ ಮಾತು ನಂಬುವಂತಿದ್ದರೂ 2022ರ ಮಾರ್ಚ್‌ನ ಪಟ್ಟಿ ತೆಗೆಸಿ ನೋಡದೆ ಬಿಡುವ ಹಾಗಿಲ್ಲ. ಹಳೆಯ ದಾಖಲೆ ಉಳಿದಿಲ್ಲ, ಎಷ್ಟೇ ಪ್ರಯತ್ನಿಸಿದರೂ ಲೆಕ್ಕ ಹಾಕಲಾಗುವುದಿಲ್ಲ ಎಂದು ಕಂಪನಿ ಹೇಳಿದರೆ ಸಾಧ್ಯವಿರುವ ದಿನಾಂಕದಿಂದ ತಿದ್ದಲು ಮಾನದಂಡ ಅವಕಾಶ ಕೊಡುತ್ತದೆ. ಆದರೆ ಕಷ್ಟ ಬೇರೆ, ಅಸಾಧ್ಯ ಬೇರೆ.

ಇನ್ನು ಟಿಪ್ಪಣಿ. ತಪ್ಪು ಎಂಥದ್ದು, ಯಾವ ಬಾಬ್ತಿನಲ್ಲಿ ಎಷ್ಟು ತಿದ್ದಲಾಗಿದೆ, ಪ್ರತಿ ಷೇರಿನ ಗಳಿಕೆ ಎಷ್ಟು ಬದಲಾಯಿತು, ಆರಂಭಿಕ ಶಿಲ್ಕಿನಲ್ಲಿ ಎಷ್ಟು ಸರಿಪಡಿಸಲಾಯಿತು ಎಂಬುದನ್ನು ಕಂಪನಿ ಹೇಳಲೇಬೇಕು. ಒಳ್ಳೆಯ ಟಿಪ್ಪಣಿಯಲ್ಲಿ 'ಮೊದಲು ವರದಿಯಾದದ್ದು, ತಿದ್ದುಪಡಿ, ಮರುನಿರೂಪಿತ' ಎಂಬ ಮೂರು ಕಾಲಂಗಳಿರುತ್ತವೆ ಮತ್ತು ತಪ್ಪನ್ನು ತಪ್ಪು ಎಂದೇ ಕರೆದಿರುತ್ತಾರೆ. ಕೆಟ್ಟ ಟಿಪ್ಪಣಿಯ ಗುರುತು ಒಂದು ಹಳೆಯ ವಾಕ್ಯ: 'ಹಿಂದಿನ ವರ್ಷದ ಅಂಕಿಗಳನ್ನು ಅಗತ್ಯವಿದ್ದಲ್ಲಿ ಮರುವರ್ಗೀಕರಿಸಲಾಗಿದೆ.' ಒಂದು ಖರ್ಚನ್ನು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಸಾಗಿಸಿದ್ದಕ್ಕೆ ಹೇಳಬೇಕಾದ ಮಾತು ಅದು. ಮರುವರ್ಗೀಕರಣದಿಂದ ಲಾಭವಾಗಲಿ ಉಳಿಕೆ ಲಾಭವಾಗಲಿ ಬದಲಾಗುವುದಿಲ್ಲ. ಅವು ಬದಲಾಗಿದ್ದೂ ಈ ವಾಕ್ಯವೊಂದೇ ಇದ್ದರೆ ತಪ್ಪನ್ನು ಮುಚ್ಚಲಾಗಿದೆ ಎಂದೇ ಅರ್ಥ. ಹಳೆಯ ವರದಿಯನ್ನು ಹೊಸದರ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಿದರೆ ಇದು ಸಾಮಾನ್ಯ ಷೇರುದಾರನಿಗೂ ಕಾಣುತ್ತದೆ.

ಆಡಿಟರಿನ ವರದಿ ಹೇಗಿರಬೇಕೆಂದು ಎಸ್‌ಎ 710 ಹೇಳುತ್ತದೆ. ತುಲನಾ ಅಂಕಿಯನ್ನು ಸರಿಯಾಗಿ ತಿದ್ದಿ, ಟಿಪ್ಪಣಿಯನ್ನೂ ಸರಿಯಾಗಿ ಕೊಟ್ಟಿದ್ದರೆ ಅಭಿಪ್ರಾಯಕ್ಕೆ ಷರತ್ತು ಹಾಕಬೇಕಿಲ್ಲ, ಬೇಕಿದ್ದರೆ ಆ ಟಿಪ್ಪಣಿಯತ್ತ ಗಮನ ಸೆಳೆಯುವ ಪ್ಯಾರಾ ಸೇರಿಸಬಹುದು. ತಿದ್ದದಿದ್ದರೆ ಅಥವಾ ಅರೆಬರೆ ತಿದ್ದಿದ್ದರೆ ಈ ವರ್ಷದ ಅಂಕಿ ಎಷ್ಟೇ ಸರಿಯಿದ್ದರೂ ತುಲನಾ ಅಂಕಿಗಾಗಿ ಷರತ್ತಿನ ಅಥವಾ ಪ್ರತಿಕೂಲ ಅಭಿಪ್ರಾಯ ಕೊಡಬೇಕು. ಹೋದ ವರ್ಷ ಸಹಿ ಹಾಕಿದವರೇ ಈ ವರ್ಷವೂ ಆಡಿಟರ್ ಆಗಿದ್ದರೆ ಮುಜುಗರ ಅವರದೂ ಹೌದು, 'ಇದು ಗಣನೀಯವಲ್ಲ' ಎಂಬ ತೀರ್ಮಾನಕ್ಕೆ ಜಾರುವ ಅಪಾಯ ಆಗಲೇ ಹೆಚ್ಚು. ಹನ್ನೆರಡು ಕೋಟಿಯಲ್ಲಿ 2 ಕೋಟಿ ಗಣನೀಯವಲ್ಲ ಎನ್ನುವುದು ಕಷ್ಟ. ಆದರೆ 40 ಲಕ್ಷವಾಗಿದ್ದು, ಅದನ್ನು ತಿದ್ದಿದರೆ ಬ್ಯಾಂಕ್ ಸಾಲದ ಷರತ್ತು ಮುರಿಯುವಂತಿದ್ದರೆ ಅದೂ ಗಣನೀಯವೇ. ಇನ್ನು, ಹಿಂದಿನ ಲೆಕ್ಕವನ್ನು ತಿದ್ದಬೇಕಾಗಿ ಬಂದದ್ದೇ ಕಂಪನಿಯ ಆಂತರಿಕ ನಿಯಂತ್ರಣದಲ್ಲಿ ಗಂಭೀರ ಲೋಪವಿತ್ತೆಂಬುದರ ಸೂಚನೆ. ನಿಯಂತ್ರಣಗಳ ಬಗ್ಗೆ ಕೊಡುವ ಪ್ರತ್ಯೇಕ ವರದಿಯಲ್ಲಿ ಆಡಿಟರ್ ಅದನ್ನು ಎದುರಿಸಲೇಬೇಕು. ಸಾಫ್ಟ್‌ವೇರ್ ವರ್ಷಾಂತ್ಯದ ಮೊದಲೇ ಸರಿಯಾಗಿದೆಯೇ ಎಂದು ಪರೀಕ್ಷಿಸದೆ 'ನಿಯಂತ್ರಣಗಳು ಸಮರ್ಪಕ' ಎಂದು ಬರೆಯಲಾಗದು.

ಈ ತಿದ್ದುಪಡಿಯಿಂದ ಹಳೆಯ ವರ್ಷದ ಅಂಗೀಕೃತ ಲೆಕ್ಕಪತ್ರ ಬದಲಾಗುವುದಿಲ್ಲ, ಈ ವರ್ಷದ ವರದಿಯ ಪಕ್ಕದ ಕಾಲಂ ಮಾತ್ರ ಬದಲಾಗುತ್ತದೆ. ಹಳೆಯ ಲೆಕ್ಕಪತ್ರವನ್ನೇ ಪರಿಷ್ಕರಿಸಲು 2013ರ ಕಂಪನಿ ಕಾಯ್ದೆಯ 131ನೇ ಕಲಮಿನಂತೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆ ಬೇಕು, ಅದೂ ಹಿಂದಿನ ಮೂರು ವರ್ಷಗಳಿಗೆ ಮಾತ್ರ. ವಂಚನೆಯ ವಾಸನೆ ಇದ್ದಾಗ ಬಳಕೆಗೆ ಬರುವುದು 130ನೇ ಕಲಮು. ಐಎಲ್ ಅಂಡ್ ಎಫ್‌ಎಸ್ ಮತ್ತು ಅದರ ಎರಡು ಅಂಗಸಂಸ್ಥೆಗಳ ಹಿಂದಿನ ಐದು ವರ್ಷಗಳ ಲೆಕ್ಕವನ್ನು ಮತ್ತೆ ತೆರೆಯಲು 2019ರ ಜನವರಿಯಲ್ಲಿ ನ್ಯಾಯಮಂಡಳಿ ಅನುಮತಿ ಕೊಟ್ಟದ್ದು ಇದರಡಿಯೇ, ಅದೇ ವರ್ಷ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪಂಪ್‌ಸೆಟ್ ಕಂಪನಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಸಾಫ್ಟ್‌ವೇರಿನ ಎಡವಟ್ಟು ಎಡವಟ್ಟೇ ಆಗಿದ್ದು, ಯಾರೋ ಬೇಕೆಂದೇ ಬಿಟ್ಟದ್ದಲ್ಲ ಎಂದು ಆಡಿಟರಿಗೆ ಪುರಾವೆ ಸಿಕ್ಕಿದ್ದರೆ.